ಬೂದಿ ಮುಚ್ಚಿದ ಕೆಂಡ: ಹಾಸಿಗೆಯಲ್ಲಿ ಸೇದುವವರಿಗೂ ನಿಯಮ ಬರೆಯುವವರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಹಾಸಿಗೆಯ ಮೇಲೆ ಒರಗಿಕೊಂಡು ಬೀಡಿ, ಸಿಗರೇಟು ಸೇದುವವರಿಗೆ, ಅವರ ಮಗ್ಗುಲಲ್ಲೋ ಪಕ್ಕದ ಕೋಣೆಯಲ್ಲೋ ಮಲಗುವ ಮನೆಯವರಿಗೆ, ಹತ್ತಾರು ಜನರಿಗೆ ಹಾಸಿಗೆ ಒದಗಿಸುವ ಹಾಸ್ಟೆಲ್, ಲಾಡ್ಜ್, ವೃದ್ಧಾಶ್ರಮಗಳವರಿಗೆ, ರಸ್ತೆ ಬದಿಯ ಹುಲ್ಲಿನ ಹೊಣೆ ಹೊತ್ತವರಿಗೆ, ಸಿಗರೇಟು ಹೇಗಿರಬೇಕೆಂದು ನಿಯಮ ಬರೆಯುವ ಅಧಿಕಾರಿಗಳಿಗೆ ಈ ಪತ್ರ. ಸೇದಬೇಡಿ ಎಂದು ಬುದ್ಧಿ ಹೇಳಲು ಬರೆಯುತ್ತಿಲ್ಲ. ನಾವು ಬೆಂಕಿ ಆರಿಸುವ ಕೆಲಸ ಬಲ್ಲವರು. ಬೆರಳುದ್ದವೂ ಇಲ್ಲದ ಒಂದು ತುಂಡು ಹಾಸಿಗೆಯಲ್ಲಿ ಬಿದ್ದರೆ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿದ್ದರೆ ಹಲವು ಸಾವುಗಳು ತಪ್ಪುತ್ತವೆ. ಅದನ್ನಷ್ಟೇ ಬಿಡಿಸಿ ಹೇಳುತ್ತೇವೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಸಿಗರೇಟಿನಿಂದ ಬೆಂಕಿ ಹತ್ತಿತು ಎಂದರೆ ತುಂಡು ಬಿದ್ದ ತಕ್ಷಣ ಹೊದಿಕೆ ಭಗ್ಗೆಂದು ಉರಿಯಿತು ಎಂದೇ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಹಾಗಾಗಿ ತುಂಡು ಬಿದ್ದು ಐದು ನಿಮಿಷವಾದರೂ ಜ್ವಾಲೆ ಕಾಣದಿದ್ದರೆ ಗಂಡಾಂತರ ಕಳೆಯಿತು ಎಂದು ದಿಂಬು ತಟ್ಟಿ ಮಲಗುತ್ತಾರೆ. ಸಿಗರೇಟಿನ ತುದಿಯಲ್ಲಿ ಜ್ವಾಲೆಯೇ ಇರುವುದಿಲ್ಲ. ಅಲ್ಲಿರುವುದು ಕೆಂಡ. ಸುಮ್ಮನೆ ಇಟ್ಟಾಗ ಅದರ ನಡುಭಾಗ ಸುಮಾರು 700 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ, ದಮ್ಮು ಎಳೆದಾಗ 900ರ ಹತ್ತಿರ ಹೋಗುತ್ತದೆ. ಬಿಸಿ ಇಷ್ಟಿದ್ದರೂ ಕೆಂಡ ತೀರ ಚಿಕ್ಕದು. ಹಾಗಾಗಿ ಬಿಗಿಯಾಗಿ ನೇಯ್ದ ಬಟ್ಟೆಯ ಮೇಲೆ, ಬಯಲಿನಲ್ಲಿ ಬಿದ್ದರೆ ಎಷ್ಟೋ ಸಲ ಒಂದು ಕಂದು ಕಲೆ ಬಿಟ್ಟು ಆರಿಬಿಡುತ್ತದೆ. ಜನರಿಗೆ ಧೈರ್ಯ ಬರುವುದು ಇಂಥ ಕಲೆಗಳನ್ನು ನೋಡಿಯೇ. ಹಾಸಿಗೆಯ ಮೇಲೆ ಹಳೆಯ ನಾಲ್ಕು ಸುಟ್ಟ ಕಲೆ ಇದ್ದರೆ ಅದನ್ನು ನಾಲ್ಕು ಸಲ ಏನೂ ಆಗಲಿಲ್ಲ ಎಂದು ಓದಬೇಡಿ. ನಾಲ್ಕು ಸಲ ಕೆಂಡ ಹತ್ತಿಯವರೆಗೆ ಇಳಿಯಲಿಲ್ಲ, ಅಷ್ಟೇ.

ಹತ್ತಿಗೆ ಇಳಿದರೆ ಕತೆಯೇ ಬೇರೆ. ಹತ್ತಿ, ತೆಂಗಿನ ನಾರು, ಬೂರುಗದ ಅರಳೆ, ಹುಲ್ಲು, ಕಾಗದ, ಮರದ ಹೊಟ್ಟು, ಇವೆಲ್ಲ ಸುಟ್ಟಾಗ ಕರಗುವುದಿಲ್ಲ, ಇದ್ದಿಲಾಗುತ್ತವೆ. ಆ ಇದ್ದಿಲು ಸಣ್ಣ ಸಣ್ಣ ಸಂದುಗಳಿಂದ ತುಂಬಿರುತ್ತದೆ. ಸಂದಿನಲ್ಲಿ ಗಾಳಿ ತುಸು ತುಸುವೇ ಒಳಬರುತ್ತದೆ, ಸುತ್ತಲಿನ ಹತ್ತಿ ಶಾಖ ಹೊರಹೋಗದಂತೆ ಕಂಬಳಿಯ ಹಾಗೆ ಮುಚ್ಚಿಡುತ್ತದೆ. ಗಾಳಿ ಕಡಿಮೆಯಾದ್ದರಿಂದ ಜ್ವಾಲೆ ಏಳುವುದಿಲ್ಲ, ಶಾಖ ನಿಂತಿರುವುದರಿಂದ ಆರುವುದೂ ಇಲ್ಲ. ಬೂದಿ ಮುಚ್ಚಿದ ಕೆಂಡ ಎಂದು ನಮ್ಮ ಮಾತಿನಲ್ಲಿ ಬಳಸುವುದು ಇದನ್ನೇ. ಪಾಲಿಯೆಸ್ಟರಿನಂಥ ನೂಲು ಹೀಗಲ್ಲ. ಬಿಸಿ ತಾಗಿದರೆ ಕರಗಿ, ಮುದುಡಿ, ಕೆಂಡದಿಂದ ದೂರ ಸರಿಯುತ್ತದೆ. ಫೋಮ್ ಹಾಸಿಗೆ ಕೂಡ ಬರಿಯ ಸಿಗರೇಟಿಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಆದರೆ ಬರಿಯ ಫೋಮಿನ ಮೇಲೆ ಯಾರೂ ಮಲಗುವುದಿಲ್ಲವಲ್ಲ. ಮೇಲೆ ಹತ್ತಿಯ ಹೊದಿಕೆ, ಹತ್ತಿಯ ದಿಂಬು, ಹಳೆಯ ಚಾದರ ಇರುತ್ತವೆ. ಅವು ಕೆಂಡವಾಗಿ ಕೂತು ಕೆಳಗಿನ ಫೋಮನ್ನು ಕಾಯಿಸುತ್ತವೆ. ಫೋಮ್ ಒಮ್ಮೆ ಉರಿಯತೊಡಗಿದರೆ ಆಮೇಲಿನ ಲೆಕ್ಕ ಗಂಟೆಗಳದ್ದಲ್ಲ, ನಿಮಿಷಗಳದ್ದು.

ಒಂದು ಹತ್ತಿಯ ಹಾಸಿಗೆಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ. ರಾತ್ರಿ ಹತ್ತೂವರೆ. ಸೇದುವವರಿಗೆ ಜೋಂಪು ಹತ್ತಿದೆ. ಬೆರಳ ಸಂದಿಯಿಂದ ಮೂರು ಸೆಂಟಿಮೀಟರ್ ಉಳಿದ ಸಿಗರೇಟು ಜಾರಿ ದಿಂಬಿಗೂ ಹಾಸಿಗೆಗೂ ನಡುವಿನ ಸಂದಿಗೆ ಬೀಳುತ್ತದೆ. ಯಾರೂ ಎಳೆಯದೆ ಬಿಟ್ಟ ಸಿಗರೇಟು ನಿಮಿಷಕ್ಕೆ ಸುಮಾರು ಐದು ಮಿಲಿಮೀಟರ್ ಸುಡುತ್ತದೆ ಎಂದುಕೊಂಡರೆ ಈ ತುಂಡಿಗೆ ಆರು ನಿಮಿಷದ ಆಯುಷ್ಯ. ಹಾಸಿಗೆಯ ನಡುವಿನ ಬಯಲಿನಲ್ಲಿ ಬಿದ್ದಿದ್ದರೆ ಶಾಖದ ಹೆಚ್ಚು ಪಾಲು ಮೇಲಕ್ಕೆ ಹೋಗಿಬಿಡುತ್ತಿತ್ತು. ಸಂದಿಯಲ್ಲಿ ಮೇಲೆ ದಿಂಬು, ಕೆಳಗೆ ಹಾಸಿಗೆ. ಶಾಖಕ್ಕೆ ಹೋಗಲು ದಾರಿಯಿಲ್ಲ. 250 ಡಿಗ್ರಿ ದಾಟಿತೆಂದರೆ ಹತ್ತಿ ಕಪ್ಪಾಗಿ ಇದ್ದಿಲಾಗತೊಡಗುತ್ತದೆ. ಆರು ನಿಮಿಷ ಅದಕ್ಕೆ ಧಾರಾಳ. ಹತ್ತು ಮೂವತ್ತಾರಕ್ಕೆ ಸಿಗರೇಟು ಮುಗಿದಿದೆ. ಆ ಹೊತ್ತಿಗೆ ಯಾರಾದರೂ ಎಚ್ಚರಗೊಂಡು ಹುಡುಕಿದರೆ ಬೂದಿಯ ಗೆರೆಯೊಂದು ಸಿಕ್ಕೀತು. ಅದನ್ನು ಕೊಡವಿ ಮಲಗುತ್ತಾರೆ. ಇನ್ನು ಮೇಲೆ ಬೆಂಕಿಗೆ ಸಿಗರೇಟಿನ ಹಂಗಿಲ್ಲ.

ಹತ್ತಿಯೊಳಗಿನ ಕೆಂಡ ನಿಧಾನಿ. ಹತ್ತಿ ಎಷ್ಟು ಒತ್ತಾಗಿದೆ, ಗಾಳಿ ಎಷ್ಟು ಸಿಗುತ್ತದೆ ಎಂಬುದರ ಮೇಲೆ ಗಂಟೆಗೆ ಮೂರು ನಾಲ್ಕು ಬೆರಳಿನಿಂದ ಅರ್ಧ ಗೇಣಿನವರೆಗೆ ಸರಿಯುತ್ತದೆ. ಹನ್ನೆರಡೂವರೆಯ ಹೊತ್ತಿಗೆ ಸುಮಾರು ಒಂದು ಗೇಣು ಉದ್ದ, ಒಂದು ಗೇಣು ಅಗಲ, ನಾಲ್ಕು ಅಂಗುಲ ಆಳದ ಹತ್ತಿ ಸುಟ್ಟಿದೆ ಎನ್ನೋಣ. ತೂಕ ಹಾಕಿದರೆ ಅದು 300 ಗ್ರಾಂ ಆಸುಪಾಸು. ಜ್ವಾಲೆಯಿಲ್ಲದೆ ಸುಡುವ ಹತ್ತಿ ಪೂರ್ತಿ ಸುಡುವುದಿಲ್ಲ, ಹಾಗಾಗಿ ತನ್ನ ತೂಕದ ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅಂದರೆ 30 ಗ್ರಾಂ. ಕೋಣೆ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರ, ಬಾಗಿಲು ಕಿಟಕಿ ಮುಚ್ಚಿದೆ. ಆ 30 ಗ್ರಾಂ ಈ 27 ಘನ ಮೀಟರ್ ಗಾಳಿಯಲ್ಲಿ ಬೆರೆತರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು ಸಾವಿರ ಪಾಲು ವಿಷಾನಿಲ. ಅಂಥ ಗಾಳಿ ಸೇವಿಸಿದವರಿಗೆ ಮೊದಲು ತಲೆನೋವು, ಓಕರಿಕೆ, ತಲೆಸುತ್ತು. ಒಂದೆರಡು ಗಂಟೆಯಲ್ಲಿ ಪ್ರಜ್ಞೆ ತಪ್ಪಬಹುದು, ಜೀವವೇ ಹೋಗಬಹುದು. ಬಾಗಿಲ ಸಂದಿಯಿಂದ ಒಂದಿಷ್ಟು ಸೋರಿಹೋಗುತ್ತದೆ, ನಿಜ. ಆದರೆ ಮಲಗಿದವರ ಮೂಗು ಹೊಗೆ ಏಳುವ ಜಾಗದ ಪಕ್ಕದಲ್ಲೇ ಇರುತ್ತದೆ ಎಂಬುದೂ ಅಷ್ಟೇ ನಿಜ.

ಕೆಮ್ಮು ಬಂದು ಎಚ್ಚರವಾಗುವುದಿಲ್ಲವೇ ಎಂದು ಕೇಳುತ್ತಾರೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜೊತೆಗೆ ಬರುವ ಹೊಗೆಗೆ ಕಮರು ವಾಸನೆ ಇರುತ್ತದಾದರೂ ನಿದ್ದೆಯಲ್ಲಿ ಮೂಗು ಕೆಲಸ ಮಾಡುವುದೇ ಕಡಿಮೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಉಸಿರಾಟ ನಡೆದೇ ಇರುತ್ತದೆ, ಮೆದುಳಿಗೆ ಆಮ್ಲಜನಕ ಸಿಗುವುದಿಲ್ಲ, ನಿದ್ದೆ ಮತ್ತಷ್ಟು ಆಳಕ್ಕೆ ಹೋಗುತ್ತದೆ. ಮದ್ಯ ಕುಡಿದವರು, ನಿದ್ದೆ ಮಾತ್ರೆ ತೆಗೆದುಕೊಂಡವರು ಏಳುವ ಸಾಧ್ಯತೆ ಇನ್ನೂ ಕಡಿಮೆ. ಸಿಗರೇಟು ಕೈಯಿಂದ ಜಾರುವುದೂ ಹೆಚ್ಚಾಗಿ ಅಂಥ ಹೊತ್ತಿನಲ್ಲೇ. ಹಾಸಿಗೆ ಬೆಂಕಿಯಲ್ಲಿ ಮೈಮೇಲೆ ಸುಟ್ಟ ಗಾಯವೇ ಇಲ್ಲದೆ ಸತ್ತವರು ಸಿಗುವುದು ಇದೇ ಕಾರಣಕ್ಕೆ.

ಕೊನೆಗೆ ಜ್ವಾಲೆ ಯಾವಾಗ? ಅದನ್ನು ಗಡಿಯಾರ ಇಟ್ಟು ಹೇಳಲಾಗುವುದಿಲ್ಲ. ಅರ್ಧ ಗಂಟೆಗೇ ಎದ್ದದ್ದುಂಟು, ಹಲವು ಗಂಟೆ ಕಾದು ಎದ್ದದ್ದುಂಟು, ಏಳದೆ ಹಾಸಿಗೆ ಪೂರ್ತಿ ಬೂದಿಯಾದದ್ದೂ ಉಂಟು. ಕೆಂಡ ಹಾಸಿಗೆಯ ಅಂಚನ್ನೋ ತಳವನ್ನೋ ತೂತು ಮಾಡಿಕೊಂಡು ಹೊರಗಿನ ಗಾಳಿಗೆ ಬಾಯಿ ತೆರೆದಾಗ, ಯಾರಾದರೂ ಕಿಟಕಿ ತೆರೆದಾಗ, ಹೊದಿಕೆ ಎಳೆದಾಗ ಜ್ವಾಲೆ ಏಳುವ ಸಂಭವ ಹೆಚ್ಚು.

ಇದನ್ನೇ ತಿಳಿದುಕೊಂಡು, ಹಾಸಿಗೆಯಲ್ಲಿ ಸುಡುತ್ತಿರುವುದು ಕಂಡಾಗ ಮಾಡಬೇಕಾದ್ದನ್ನು ಹೇಳುತ್ತೇವೆ. ಇಲ್ಲಿ ತಪ್ಪುವವರೇ ಹೆಚ್ಚು. ಕೋಣೆಯಲ್ಲಿ ಹೊಗೆ ಕಟ್ಟಿದ್ದರೆ, ಜ್ವಾಲೆ ಕಂಡರೆ, ಸುಟ್ಟ ಜಾಗ ಅಂಗೈಗಿಂತ ದೊಡ್ಡದಾಗಿದ್ದರೆ ಆರಿಸಲು ಹೋಗಬೇಡಿ. ಮಲಗಿದವರನ್ನು ಎಬ್ಬಿಸಿ, ಎಲ್ಲರನ್ನೂ ಹೊರಗೆ ಕರೆತಂದು, ಕೋಣೆಯ ಬಾಗಿಲು ಎಳೆದುಕೊಂಡು, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಮುಚ್ಚಿದ ಬಾಗಿಲು ಒಳಗೆ ಗಾಳಿ ಹೋಗುವುದನ್ನೂ ಹೊರಗೆ ಹೊಗೆ ಬರುವುದನ್ನೂ ತಡೆಯುತ್ತದೆ. ಹಾಸಿಗೆಯನ್ನು ಮಡಚಿ ಎಳೆದುಕೊಂಡು ಮನೆಯೊಳಗಿಂದ ಹೊರಡುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಎತ್ತಿದಾಗ ತಳದಿಂದ ಗಾಳಿ ನುಗ್ಗುತ್ತದೆ, ಎಳೆದಾಗ ತಿದಿ ಒತ್ತಿದಂತಾಗುತ್ತದೆ, ಬಾಗಿಲಿಗೋ ಮೆಟ್ಟಿಲ ತಿರುವಿಗೋ ಬಂದಾಗ ಉರಿ ಏಳುತ್ತದೆ. ಆಗ ಉರಿಯುವ ಹಾಸಿಗೆ ನಿಮಗೂ ದಾರಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಲಿಫ್ಟಿನಲ್ಲಂತೂ ಕನಸಿನಲ್ಲೂ ಇಡಬಾರದು.

ಜಾಗ ಅಂಗೈಗಿಂತ ಚಿಕ್ಕದು, ಜ್ವಾಲೆಯಿಲ್ಲ, ಕೋಣೆಯಲ್ಲಿ ಹೊಗೆ ಕಟ್ಟಿಲ್ಲ, ನಿಮ್ಮ ಬೆನ್ನಿಗೆ ಬಾಗಿಲಿದೆ ಎಂದಾದರೆ ನೀರು ಹಿಡಿಯಿರಿ. ಒಂದು ಚೊಂಬು ಸಾಲದು, ಎರಡು ಬಕೆಟ್ ಬೇಕು. ದೂರದಿಂದ ಎರಚಿದ ನೀರು ಮೇಲೆ ಹರಿದು ನೆಲಕ್ಕೆ ಹೋಗುತ್ತದೆ. ಹತ್ತಿಯ ಎಳೆಗೆ ಹುಟ್ಟಿನಿಂದಲೇ ಮೇಣದಂಥ ಲೇಪವಿರುವುದರಿಂದ, ಅದರಲ್ಲೂ ತೊಳೆದು ಬಿಳುಪು ಮಾಡದ ಹತ್ತಿಗೆ, ನೀರು ಬೇಗ ಇಳಿಯುವುದಿಲ್ಲ. ಅದಕ್ಕೇ ಬಕೆಟ್ಟಿಗೆ ಒಂದೆರಡು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರಾವಣ ಕಲಸಿಕೊಳ್ಳಿ. ನಿಧಾನವಾಗಿ ಸುರಿಯುತ್ತ, ಮರದ ಕೋಲಿನಿಂದ ಒತ್ತುತ್ತ ಒಳಗಿಳಿಸಿ. ಮೊದಲು ಚುಯ್ ಎಂದು ಆವಿ ಏಳುತ್ತದೆ, ಬರಿಗೈಯಲ್ಲಿ ಒತ್ತಿದರೆ ಸುಡುತ್ತದೆ.

ಆಮೇಲಿನ ಹೆಜ್ಜೆಯನ್ನು ಬಿಟ್ಟುಬಿಡುವವರೇ ಎಲ್ಲರೂ. ನೀರು ಸುರಿದು ಹೊಗೆ ನಿಂತಿತು ಎಂದರೆ ಮೇಲಿನ ಪದರ ಆರಿದೆ ಎಂದರ್ಥ. ಕೆಳಗೆ ಒಣ ಹತ್ತಿಯ ನಡುವೆ ಅಡಿಕೆ ಗಾತ್ರದ ಕೆಂಡ ಉಳಿದಿದ್ದರೂ ಸಾಕು, ಎರಡು ಗಂಟೆಯೋ ಆರು ಗಂಟೆಯೋ ಕಳೆದು ಮತ್ತೆ ಶುರು. ಹಾಸಿಗೆಯ ಬಟ್ಟೆಯನ್ನು ಸುಟ್ಟ ತೂತಿನಿಂದ ಹಿಡಿದು ಸುತ್ತಲೂ ಒಂದು ಗೇಣು ಕತ್ತರಿಸಿ. ಇಕ್ಕಳದಿಂದಲೋ ಕೋಲಿನಿಂದಲೋ ಒಳಗಿನ ಹತ್ತಿಯನ್ನು ಹಿಡಿ ಹಿಡಿಯಾಗಿ ಕಿತ್ತು ಎರಡನೆಯ ಬಕೆಟ್ಟಿಗೆ ಮುಳುಗಿಸಿ. ಮೊದಲು ಕಪ್ಪು ಹತ್ತಿ, ಆಮೇಲೆ ಕಂದು, ಆಮೇಲೆ ಬಿಳಿ ಬರುತ್ತದೆ. ಎಲ್ಲ ದಿಕ್ಕಿನಲ್ಲೂ, ತಳದಲ್ಲೂ, ಬಿಳಿ ಹತ್ತಿ ಸಿಕ್ಕಿ, ಅದನ್ನು ಮುಟ್ಟಿದರೆ ತಣ್ಣಗಿರುವವರೆಗೆ ನಿಲ್ಲಿಸಬಾರದು. ಕಂದು ಬಣ್ಣದಲ್ಲಿ ನಿಲ್ಲಿಸಿದರೆ ಕೆಂಡದ ಗಡಿಯಲ್ಲೇ ನಿಲ್ಲಿಸಿದಂತೆ. ಪುಡಿಯ ಅಗ್ನಿಶಾಮಕ ಸಿಲಿಂಡರ್ ಇಲ್ಲಿ ಮೋಸ ಮಾಡುತ್ತದೆ. ಮೇಲಿನ ಉರಿಯನ್ನು ಥಟ್ಟನೆ ಹೊಡೆದು ಹಾಕುತ್ತದೆ, ಆಳದ ಕೆಂಡವನ್ನು ತಣಿಸುವುದಿಲ್ಲ. ಹತ್ತಿಗೆ ನೀರೇ ಮದ್ದು.

ತಣ್ಣಗಾದ ಮೇಲೆ ಹಾಸಿಗೆಯನ್ನು ಬಯಲಿಗೆ ಒಯ್ಯಿರಿ. ಬಾಲ್ಕನಿ, ಜಗಲಿ, ವಾಹನ ನಿಲ್ಲಿಸುವ ಜಾಗ, ಕಸದ ತೊಟ್ಟಿಯ ಪಕ್ಕ ಬೇಡ. ಗೋಡೆಯಿಂದ, ಒಣಹುಲ್ಲಿನಿಂದ ಕಡಿಮೆಯೆಂದರೂ ಮೂರು ನಾಲ್ಕು ಮೀಟರ್ ದೂರ ಬರಿಯ ನೆಲದ ಮೇಲೆ ಹರಡಿ, ಇನ್ನೊಮ್ಮೆ ನೆನೆಸಿ, ಮರುದಿನದವರೆಗೆ ಕಣ್ಣಿಡಿ. ಹತ್ತಿಯ ಬೇಲುಗಳ ಗೋದಾಮಿನಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಮಾತಲ್ಲ. ಬೇಲಿನ ಹೊಟ್ಟೆಯೊಳಗೆ ಸೇರಿದ ಕಿಡಿ ಹೊರಗೆ ಏನೂ ತೋರಿಸದೆ ದಿನಗಟ್ಟಲೆ ಕೂತಿರುತ್ತದೆ.

ಬೀಡಿಯದು ಸ್ವಲ್ಪ ಬೇರೆ. ಸಿಗರೇಟಿನ ಕಾಗದ ಗಾಳಿ ಒಳಬಿಡುತ್ತದೆ, ಎಳೆಯದಿದ್ದರೂ ಕೊನೆಯವರೆಗೆ ಸುಡುತ್ತದೆ. ಬೀಡಿ ಸುತ್ತುವ ತೆಂಡು ಎಲೆ ಗಾಳಿ ಬಿಡುವುದಿಲ್ಲ. ಹಾಗಾಗಿ ಎಳೆಯುತ್ತಲೇ ಇರದಿದ್ದರೆ ಬೀಡಿ ಬೇಗ ಮಂಕಾಗುತ್ತದೆ. ಇದು ಒಳ್ಳೆಯದೇ ಅಲ್ಲವೇ ಎಂದರೆ, ಅಪಾಯ ಬೇರೆ ಬಾಗಿಲಿನಿಂದ ಬರುತ್ತದೆ. ಮಂಕಾದ ಬೀಡಿಗೆ ಮತ್ತೆ ಮತ್ತೆ ಕಡ್ಡಿ ಗೀರಬೇಕು. ಒಂದು ಬೀಡಿಗೆ ಎರಡು ಮೂರು ಕಡ್ಡಿ. ಹಾಸಿಗೆಯಲ್ಲಿ ಮಲಗಿಕೊಂಡೇ ಗೀರಿದರೆ ಅಷ್ಟೂ ಸಲ ನಿಜವಾದ ಜ್ವಾಲೆ ಹೊದಿಕೆಯ ಮೇಲೆ ಓಡಾಡಿದಂತೆ. ಎರಡನೆಯದು, ಅರ್ಧ ಸೇದಿದ ಮೋಟನ್ನು ಆಮೇಲೆ ಸೇದಲೆಂದು ದಿಂಬಿನಡಿ, ಅಂಗಿಯ ಜೇಬು, ಕಿವಿಯ ಸಂದಿಗೆ ಸೇರಿಸುವ ರೂಢಿ. ಎಲೆಯ ಒಳಗಿನ ಹೊಗೆಸೊಪ್ಪಿನಲ್ಲಿ ಕಿಡಿ ಉಳಿದಿರುವುದು ಹೊರಗಿನಿಂದ ಕಾಣುವುದಿಲ್ಲ. ಮೋಟು ಉಳಿಸಿಕೊಳ್ಳುವವರು ಅದನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ ಮುಚ್ಚಿಡಲಿ. ಗಾಳಿ ಸಿಗದೆ ಆರುತ್ತದೆ, ಆರದಿದ್ದರೂ ತಗಡಿಗೆ ಬೆಂಕಿ ಹತ್ತುವುದಿಲ್ಲ.

ಹಾಗಾದರೆ ಸೇದುವವರು ಏನು ಮಾಡಬೇಕು? ಮಲಗುವ ಜಾಗದಲ್ಲಿ ಸೇದುವುದನ್ನು ಬಿಡಬೇಕು, ಇದಕ್ಕೆ ಅಡ್ಡದಾರಿಯಿಲ್ಲ. ಮೆತ್ತನೆಯ ಸೋಫಾ, ಒರಗು ಕುರ್ಚಿ ಕೂಡ ಹಾಸಿಗೆಯ ಲೆಕ್ಕಕ್ಕೇ ಸೇರುತ್ತವೆ. ಅವುಗಳ ಆಸನಕ್ಕೂ ಬೆನ್ನಿಗೂ ನಡುವಿನ ಸಂದಿ ನಾವು ಮೇಲೆ ಹೇಳಿದ ದಿಂಬಿನ ಸಂದಿಯಂಥದ್ದೇ. ಎದ್ದು, ಗಟ್ಟಿ ಕುರ್ಚಿಯಲ್ಲೋ ಹೊರಗೆ ನಿಂತೋ ಸೇದಿ. ಬೂದಿ ಬಟ್ಟಲು ಅಗಲ, ಆಳ, ಭಾರ ಇರಲಿ. ಅಂಚಿನಲ್ಲಿ ಕೊರೆದ ಕಚ್ಚಿನಲ್ಲಿ ಸಿಗರೇಟನ್ನು ಆನಿಸಿಟ್ಟರೆ, ಅದು ಸುಡುತ್ತ ಸುಡುತ್ತ ಒಳಗಿನ ಭಾಗ ಹಗುರಾಗಿ ತೂಕ ಹೊರಗಿನ ತುದಿಗೆ ವಾಲುತ್ತದೆ, ಉರಿಯುವ ತುಂಡು ಹೊರಕ್ಕೆ ಉರುಳುತ್ತದೆ. ಬಟ್ಟಲಿನಲ್ಲಿ ಎರಡು ಬೆರಳು ನೀರಿದ್ದರೆ ಈ ತಾಪತ್ರಯವೇ ಇಲ್ಲ. ತುಂಡನ್ನು ನೀರಿಗೆ ಹಾಕಿದಾಗ ಚುಂಯ್ ಎನ್ನುವುದು ಕೇಳಿಸಬೇಕು. ಒಣ ಬಟ್ಟಲಿನಲ್ಲಿ ಹೊಸಕಿದರೆ ಕೆಂಡ ನಾಲ್ಕು ಚೂರಾಗುತ್ತದೆ, ಒಂದು ಚೂರು ತುಂಡಿನ ತಲೆಯಲ್ಲೇ ಉಳಿಯುವುದುಂಟು. ಅದನ್ನು ಮಲಗುವ ಮುನ್ನ ಕಾಗದ ತುಂಬಿದ ಕಸದ ಬುಟ್ಟಿಗೆ ಸುರಿದರೆ ಹಾಸಿಗೆಯ ಕತೆ ಬುಟ್ಟಿಯಲ್ಲಿ ನಡೆಯುತ್ತದೆ. ಬಟ್ಟಲನ್ನು ಬೆಳಿಗ್ಗೆ ಚೆಲ್ಲಿ, ರಾತ್ರಿಯೇ ಚೆಲ್ಲಬೇಕಿದ್ದರೆ ನೀರು ಹೊಯ್ದು ಚೆಲ್ಲಿ.

ಸಂದಿಯೊಳಗೆ ಕೂಡಿದ ಒಣ ಕಸ ಏನು ಮಾಡಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಫುಟ್‌ಬಾಲ್ ಮೈದಾನದ ದುರಂತ ಸಾಕ್ಷಿ. 1985ರ ಮೇ 11ರಂದು ಮರದ ಹಳೆಯ ಪ್ರೇಕ್ಷಕರ ಕಟ್ಟೆಗೆ ಬೆಂಕಿ ಬಿದ್ದು 56 ಜನ ಸತ್ತರು. ಹಲಗೆಗಳ ಸಂದಿಯಿಂದ ಉರಿಯುವ ಕಡ್ಡಿಯೋ ಸಿಗರೇಟೋ ಕೆಳಗೆ ವರ್ಷಗಳಿಂದ ರಾಶಿಬಿದ್ದ ಕಸದ ಮೇಲೆ ಬಿದ್ದಿರಬೇಕು ಎಂದು ವಿಚಾರಣೆ ಹೇಳಿತು.

ಮನೆಯಲ್ಲಿ ಸೇದುವ ಹಿರಿಯರೋ ಹಾಸಿಗೆ ಹಿಡಿದವರೋ ಇದ್ದರೆ ಮನೆಯವರಿಗೆ ಎರಡು ಮಾತು. ಆಕ್ಸಿಜನ್ ಹಾಕಿಕೊಳ್ಳುವವರ ಹೊದಿಕೆ, ಕೂದಲು, ಬಟ್ಟೆಯ ಎಳೆಗಳ ನಡುವೆ ಆಮ್ಲಜನಕ ತುಂಬಿಕೊಂಡಿರುತ್ತದೆ. ಅಲ್ಲಿ ಕೆಂಡ ನಿಧಾನಿಯಾಗಿ ಉಳಿಯುವುದಿಲ್ಲ, ಕ್ಷಣದಲ್ಲಿ ಜ್ವಾಲೆಯಾಗುತ್ತದೆ. ನಳಿಕೆ ತೆಗೆದಿಟ್ಟ ಕೂಡಲೇ ಸೇದುವುದೂ ಅಷ್ಟೇ ಅಪಾಯ. ಹಾಗೆಯೇ ಒಣ ಚರ್ಮಕ್ಕೆ ದಿನವೂ ಹಚ್ಚುವ ಮುಲಾಮು, ಕ್ರೀಮು ಬಟ್ಟೆಗೂ ಹೊದಿಕೆಗೂ ಅಂಟಿ ಒಣಗಿದರೆ ಆ ಬಟ್ಟೆ ಬೇಗ ಹೊತ್ತಿಕೊಂಡು ಜೋರಾಗಿ ಉರಿಯುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಹೊಗೆ ಎಚ್ಚರಿಕೆ ಗಂಟೆ ಕೊಳ್ಳುವವರು ಬೆಳಕಿನಿಂದ ಹೊಗೆ ಗುರುತಿಸುವ ಬಗೆಯದನ್ನು ಕೇಳಿ ಕೊಳ್ಳಿ. ಜ್ವಾಲೆಯಿಲ್ಲದ ಬೆಂಕಿಯ ದಪ್ಪ ಕಣಗಳ ಹೊಗೆಯನ್ನು ಅದು, ಅಯಾನು ಎಂಬ ವಿದ್ಯುತ್ ಕಣಗಳಿಂದ ಹೊಗೆ ಗುರುತಿಸುವ ಇನ್ನೊಂದು ಬಗೆಯ ಗಂಟೆಗಿಂತ ಬೇಗ ಹಿಡಿಯುತ್ತದೆ. ಅದನ್ನು ಸೇದುವವರು ಮಲಗುವ ಕೋಣೆಯ ಸೂರಿನಲ್ಲೇ ಹಾಕಿ.

ಇನ್ನು ಹುಲ್ಲು. ರಸ್ತೆ ಬದಿಯ ಹುಲ್ಲಿಗೆ ಬೆಂಕಿ ಬಿದ್ದಾಗಲೆಲ್ಲ ಯಾರೋ ಸಿಗರೇಟು ಎಸೆದಿರಬೇಕು ಎಂದು ಬರೆದು ಕಡತ ಮುಚ್ಚುವುದುಂಟು. ಅದು ಸರಿಯಲ್ಲ. ನಿಂತ ಒಣಹುಲ್ಲಿನ ನಡುವೆ ಎಸೆದ ತುಂಡು ಹೆಚ್ಚಿನ ಸಲ ಆರಿಯೇ ಹೋಗುತ್ತದೆ. ಹುಲ್ಲಿನ ಗರಿಗಳ ನಡುವೆ ಜಾಗ ಜಾಸ್ತಿ, ಕೆಂಡಕ್ಕೆ ಒಂದೆರಡು ಗರಿ ತಾಗಿದರೆ ಹೆಚ್ಚು. ಹತ್ತಬೇಕಾದರೆ ಕೆಲವು ಸಂಗತಿಗಳು ಕೂಡಿಬರಬೇಕು. ಗಾಳಿಯ ತೇವಾಂಶ ಶೇಕಡಾ 20-25ಕ್ಕಿಂತ ಕೆಳಗಿಳಿದು ಹುಲ್ಲು ಹಿಡಿದರೆ ಪುಡಿಯಾಗುವಷ್ಟು ಒಣಗಿರಬೇಕು. ಅಂಥ ಹೊತ್ತು ಬೇಸಗೆಯಲ್ಲಿ ಸಾಮಾನ್ಯವಾಗಿ ನಡುಹಗಲಿನಿಂದ ಸಂಜೆಯವರೆಗೆ. ಕೆಂಡದ ತುದಿಯೇ ಕೆಳಗಾಗಿ ಪುಡಿಹುಲ್ಲಿನೊಳಗೆ ಹೂತುಕೊಳ್ಳಬೇಕು. ಮೇಲೆ ಮಂದ ಗಾಳಿ ಆಡುತ್ತಿರಬೇಕು. ಇವು ಕೂಡಿದರೆ ನಡೆಯುವುದು ಹಾಸಿಗೆಯಲ್ಲಿ ನಡೆದದ್ದೇ. ಮೊದಲು ಪುಡಿ ಇದ್ದಿಲಾಗಿ ಕೆಂಡ ಹಿಡಿಯುತ್ತದೆ, ಆಮೇಲೆ ಒಂದು ಬೀಸು ಗಾಳಿಗೆ ಜ್ವಾಲೆಯಾಗಿ ನಿಂತ ಹುಲ್ಲಿಗೆ ಏರುತ್ತದೆ. ಎಸೆದವರು ಅಷ್ಟರಲ್ಲಿ ಎಷ್ಟೋ ದೂರ ಹೋಗಿರುತ್ತಾರೆ.

ಹಾಗಾಗಿ ಕಣ್ಣಿಡಬೇಕಾದ್ದು ನಿಂತ ಹುಲ್ಲಿಗಿಂತ ಪುಡಿಯ ಮೇಲೆ. ಚಕ್ರ ಹಾದು ಅರೆದ ಹುಲ್ಲು, ಒಣ ಸಗಣಿ, ಗೆದ್ದಲು ತಿಂದು ಹಿಟ್ಟಾದ ಮರದ ಬೊಡ್ಡೆ, ಬೇಲಿಯ ಬುಡದ ತರಗೆಲೆ, ಚರಂಡಿಯಲ್ಲಿ ಗಾಳಿ ತಂದು ಗುಡ್ಡೆ ಹಾಕಿದ ಕಸ, ಇವು ಹತ್ತಿಯ ಅಣ್ಣತಮ್ಮಂದಿರು. ಲಡ್ಡು ಹಿಡಿದ ಮರದಲ್ಲಿ ಇಂದು ಬಿದ್ದ ಕಿಡಿ ನಾಳೆ ಮಧ್ಯಾಹ್ನ ಬಿಸಿಲೇರಿದಾಗ ಎದ್ದದ್ದುಂಟು. ರಸ್ತೆ ನಿರ್ವಹಣೆಯವರಿಗೆ ನಮ್ಮ ಕೋರಿಕೆ ಇದರಿಂದಲೇ ಹುಟ್ಟಿದ್ದು. ಹುಲ್ಲು ಕತ್ತರಿಸಿ ಅಲ್ಲೇ ಬಿಟ್ಟು ಹೋಗಬೇಡಿ. ಕತ್ತರಿಸಿದ ಹುಲ್ಲು ನೆಲಕ್ಕೆ ಮಲಗಿ, ಒಣಗಿ, ಪುಡಿಯಾಗಿ, ನಿಂತ ಹುಲ್ಲಿಗಿಂತ ಸುಲಭವಾಗಿ ಕೆಂಡ ಹಿಡಿಯುವ ಹಾಸಿಗೆಯಾಗುತ್ತದೆ. ಕತ್ತರಿಸಿದ್ದನ್ನು ಗೋರಿ ತೆಗೆಯಿರಿ. ತುಂಡುಗಳು ಹೆಚ್ಚಾಗಿ ಬೀಳುವ ಡಾಂಬರಿನಂಚಿನ ಒಂದು ಮೀಟರ್ ಅಗಲವನ್ನಾದರೂ ಬೇಸಗೆ ಮುಗಿಯುವವರೆಗೆ ಬರಿಯ ಮಣ್ಣು ಕಾಣುವಂತೆ ಇಡಿ. ಬಸ್ಸು ನಿಲ್ಲುವಲ್ಲಿ, ವಾಹನ ನಿಲ್ಲಿಸಿ ಜನ ಇಳಿಯುವಲ್ಲಿ ಮರಳು ತುಂಬಿದ ತಗಡಿನ ಡಬ್ಬ ಇಟ್ಟು, ಅದರೊಳಗೆ ಕಾಗದ ಸೇರದಂತೆ ಬಾಯಿ ಕಿರಿದು ಮಾಡಿ.

ಬಯಲಿನಲ್ಲಿ ಸೇದುವವರು ನಿಂತ ಜಾಗದ ತರಗೆಲೆಯನ್ನು ಕಾಲಿನಿಂದ ಸರಿಸಿ, ಬರಿ ಮಣ್ಣಿನಲ್ಲಿ ಕೆಂಡವನ್ನು ಒತ್ತಿ ತಿರುಚಿ, ಕುಡಿಯುವ ನೀರಿನಲ್ಲೇ ಒಂದು ಗುಟುಕು ಹಾಕಿ, ತುಂಡನ್ನು ಡಬ್ಬಿಯಲ್ಲಿಟ್ಟುಕೊಂಡು ಹೋಗಲಿ. ಎಲೆಗೊಬ್ಬರದ ಮೆತ್ತನೆಯ ನೆಲದಲ್ಲಿ ಹೂಳುವುದು ಆರಿಸಿದಂತಲ್ಲ. ಆ ನೆಲವೇ ಸುಡಬಲ್ಲದು.

ಕೊನೆಗೆ, ನಿಯಮ ಬರೆಯುವವರಿಗೆ. ತಾನಾಗಿ ಆರುವ ಸಿಗರೇಟು ಹೊಸ ಕಲ್ಪನೆಯಲ್ಲ. ನ್ಯೂಯಾರ್ಕ್ ರಾಜ್ಯ 2004ರಲ್ಲಿ, ಕೆನಡಾ 2005ರಲ್ಲಿ, ಐರೋಪ್ಯ ಒಕ್ಕೂಟ 2011ರಲ್ಲಿ ಅದನ್ನು ಕಡ್ಡಾಯ ಮಾಡಿದವು. ತಂತ್ರ ಸರಳ. ಸಿಗರೇಟಿನ ಕಾಗದದಲ್ಲಿ ಎರಡು ಮೂರು ಕಡೆ ಗಾಳಿ ಬಿಡದ ಪಟ್ಟಿಗಳಿರುತ್ತವೆ. ಯಾರೂ ಎಳೆಯದಿದ್ದರೆ ಕೆಂಡ ಆ ಪಟ್ಟಿಗೆ ಬಂದಾಗ ಉಸಿರು ಸಿಗದೆ ಆರುತ್ತದೆ. ಪರೀಕ್ಷೆಯಲ್ಲಿ ನಲವತ್ತು ಸಿಗರೇಟನ್ನು ಒಂದೊಂದಾಗಿ ಹತ್ತು ಪದರ ಶೋಧಕ ಕಾಗದದ ಮೇಲಿಟ್ಟು ನೋಡುತ್ತಾರೆ. ಕೊನೆಯವರೆಗೆ ಸುಟ್ಟವು ನಾಲ್ಕನೇ ಒಂದು ಪಾಲು, ಅಂದರೆ ಹತ್ತು, ದಾಟಬಾರದು. ಹತ್ತು ಸುಟ್ಟರೂ ತೇರ್ಗಡೆ ಎಂಬುದನ್ನು ಮರೆಯಬಾರದು. ಪಟ್ಟಿಗೆ ಬರುವ ಮುಂಚೆಯೇ ಹತ್ತಿಗೆ ಕೆಂಡ ದಾಟಿರಲೂಬಹುದು. ಕೈಯಲ್ಲಿ ಸುತ್ತಿದ ಸಿಗರೇಟಿಗೂ ಬೀಡಿಗೂ ಇದು ಅನ್ವಯಿಸುವುದಿಲ್ಲ. ಹಾಗಿದ್ದೂ, ದಿಂಬಿನ ಸಂದಿಗೆ ಬಿದ್ದ ತುಂಡು ಆರು ನಿಮಿಷದ ಬದಲು ಎರಡು ನಿಮಿಷಕ್ಕೆ ಆರಿದರೆ ಉಳಿಯುವ ಜೀವ ದೊಡ್ಡದು. ಇಂಥ ನಿಯಮ ಇನ್ನೂ ಇಲ್ಲದ ಕಡೆ ತನ್ನಿ ಎಂದು ಕೇಳುತ್ತೇವೆ.

ಹಾಸ್ಟೆಲ್, ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಸಗಟಾಗಿ ಹಾಸಿಗೆ ಕೊಳ್ಳುವ ಟೆಂಡರಿನಲ್ಲಿ ಸಿಗರೇಟಿನ ಪರೀಕ್ಷೆಯ ಒಂದು ಷರತ್ತು ಸೇರಿಸಿ. ಅಮೆರಿಕದಲ್ಲಿ 1973ರಿಂದ ಇರುವ ಪರೀಕ್ಷೆಯನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ಹಾಸಿಗೆಯ ಸಪಾಟು ಜಾಗ, ಹೊಲಿಗೆಯ ಗುಳಿ, ಅಂಚಿನ ಪಟ್ಟಿ ಹೀಗೆ ಬೇರೆ ಬೇರೆ ಕಡೆ ಉರಿಯುವ ಸಿಗರೇಟು ಇಡುತ್ತಾರೆ, ಅರ್ಧದಷ್ಟನ್ನು ಬರಿಯ ಹಾಸಿಗೆಯ ಮೇಲೆ, ಇನ್ನರ್ಧವನ್ನು ಎರಡು ಹೊದಿಕೆಗಳ ನಡುವೆ. ಸುಟ್ಟ ಕಲೆ ಯಾವುದೇ ಒಂದು ಸಿಗರೇಟಿನಿಂದ ಎರಡು ಅಂಗುಲಕ್ಕಿಂತ ಆಚೆ ಹೋದರೆ ಆ ಹಾಸಿಗೆ ಅನುತ್ತೀರ್ಣ. ಮಾರುವವರು ಪರೀಕ್ಷೆಯ ವರದಿ ತೋರಿಸಿದಾಗ ಹೊದಿಕೆಗಳ ನಡುವೆ ಇಟ್ಟದ್ದರ ಫಲಿತಾಂಶ ಅದರಲ್ಲಿದೆಯೇ ಎಂದು ಮೊದಲು ನೋಡಿ. ಬರಿಯ ಹಾಸಿಗೆಯ ಮೇಲೆ ಪಾಸಾಗುವುದು ಸುಲಭ, ತುಂಡು ಬೀಳುವುದು ಹೊದಿಕೆಯ ಮಡಿಕೆಯೊಳಗೆ.

ಇಂತಿ,
ಬೆಂಕಿ ಆರಿಸುವ ಕೆಲಸದವರು